ಅವ್ವನ ಡಿಸ್ಚಾರ್ಜ್ ಚೀಟಿಯಲ್ಲಿ ಗುಳಿಗೆಗಳನ್ನು ಸಾಲುಸಾಲಾಗಿ ಬರೆದಿದ್ದಾರೆ, ಅಪ್ಪನಿಗೆ ಗೋಡೆಗೆ ಅಂಟಿಸುವಂಥ ವೇಳಾಪಟ್ಟಿ ಮಾಡುವುದು ಹೇಗೆ?

ಗದಗಿನ ಮಗಳು

ನಮಸ್ಕಾರ ರೀ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು. ಹುಬ್ಬಳ್ಳಿಯಲ್ಲಿ ಆಪರೇಷನ್ ಆಯಿತು. ಇವತ್ತು ಗುರುವಾರ ಮಧ್ಯಾಹ್ನ ಡಿಸ್ಚಾರ್ಜ್ ಮಾಡಿದರು, ಸಂಜೆ ಗದಗಿಗೆ ಕರೆದುಕೊಂಡು ಬಂದಿದ್ದೇನೆ. ಭಾನುವಾರ ನಾನು ವಾಪಸ್ ಹೋಗಬೇಕು. ಆಮೇಲೆ ಗುಳಿಗೆ ಕೊಡುವವರು ಅಪ್ಪ. ಅವರಿಗೆ 74. ಕನ್ನಡ ಪೇಪರ್ ಪೂರ್ತಿ ಓದುತ್ತಾರೆ, ಇಂಗ್ಲಿಷ್ ಮಾತ್ರ ಅಕ್ಷರ ಕೂಡಿಸಿ ಓದುತ್ತಾರೆ.

ಚೀಟಿಯಲ್ಲಿ ಇರುವುದನ್ನು ಕನ್ನಡದಲ್ಲಿ ಹಾಗೇ ಬರೆಯುತ್ತೇನೆ:

"ಅಮಾಕ್ಸಿಸಿಲಿನ್-ಕ್ಲಾವುಲನೇಟ್ 625, ಪ್ರತಿ 8 ಗಂಟೆಗೆ, ಆಹಾರದ ಜೊತೆ, 5 ದಿನ. ಪ್ಯಾಂಟೊಪ್ರಜೋಲ್ 40, ಬೆಳಿಗ್ಗೆ ಆಹಾರಕ್ಕೆ ಮುಂಚೆ, 10 ದಿನ. ಪ್ಯಾರಾಸಿಟಮಾಲ್ 650, ನೋವಿದ್ದರೆ ಮಾತ್ರ, ಎರಡರ ನಡುವೆ 6 ಗಂಟೆ ಅಂತರ, ದಿನಕ್ಕೆ 3ಕ್ಕಿಂತ ಹೆಚ್ಚಲ್ಲ. ಕ್ಯಾಲ್ಸಿಯಂ 500, ದಿನಕ್ಕೊಂದು, ಊಟದ ನಂತರ. ವಿಟಮಿನ್ ಡಿ 60,000, ವಾರಕ್ಕೊಂದು, 8 ವಾರ. ಗ್ಲಿಮೆಪಿರೈಡ್ 1, ದಿನಕ್ಕೊಂದು. ಮೆಟ್ಫಾರ್ಮಿನ್ 500, ದಿನಕ್ಕೆ ಎರಡು ಸಲ. ಮೊದಲಿನಿಂದ ತೆಗೆದುಕೊಳ್ಳುತ್ತಿರುವ ಗುಳಿಗೆಗಳನ್ನು ಮುಂದುವರಿಸಿ."

ಮೊದಲಿನವು ಅಂದರೆ ಥೈರಾಯ್ಡ್ 50, ಬಿಪಿಗೆ ಟೆಲ್ಮಿಸಾರ್ಟನ್ 40, ಒಂದು ಶುಗರ್ ಗುಳಿಗೆ.

ನಾನು ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಅಂತ ಮೂರು ಕಾಲಂ ಹಾಕಿ ಟಿಕ್ ಮಾಡುತ್ತಾ ಹೋದೆ. ಬೆಳಗಿನ ಕಾಲಂನಲ್ಲೇ ಗುಳಿಗೆಗಳ ಜಾತ್ರೆ ಆಗಿದೆ. ಕೆಲವು ಖಾಲಿ ಹೊಟ್ಟೆಗೆ, ಕೆಲವು ತಿಂದ ಮೇಲೆ. ಅಪ್ಪ ನೋಡಿ "ಇದರಾಗ ಮೊದಲ ಯಾವುದು ಕೊಡಲಿ?" ಅಂದರು. ಅದಕ್ಕೆ ಪಟ್ಟಿಯಲ್ಲಿ ಉತ್ತರ ಇಲ್ಲ. ಯಾರಾದರೂ ಇಂಥದ್ದು ಮಾಡಿದ್ದೀರಾ?

ವಿದ್ಯಾನಗರದ ವೀರು

ಅಕ್ಕಾ, ಗೂಗಲ್ ಶೀಟ್‌ನಲ್ಲಿ ಮಾಡಿಬಿಡಿ. ಶುರುವಾದ ದಿನ ಒಂದು ಕಾಲಂ, ಎಷ್ಟು ದಿನ ಅನ್ನೋದು ಇನ್ನೊಂದು ಕಾಲಂ. ಕೊನೆಯ ದಿನ ತಾನಾಗಿ ಬರುತ್ತದೆ:

```
=B2+C2-1
```

ಪ್ರಿಂಟ್ ತೆಗೆದು ಅಂಟಿಸಿ. ಬದಲಾವಣೆ ಆದರೆ ನೀವು ಇದ್ದಲ್ಲಿಂದಲೇ ತಿದ್ದಿ ಹೊಸ ಪ್ರಿಂಟ್ ಕಳಿಸಬಹುದು.

ಮಾಳಮಡ್ಡಿ ಮಾಸ್ತರ

ಶೀಟ್ ಗೀಟ್ ಆಮೇಲೆ ಇರಲಿ. ತಂಗೀ, ಎರಡು ಮಾತು ನೆನಪಿಡು. ಥೈರಾಯ್ಡ್ ಗುಳಿಗೆ ನುಂಗಿ ನಾಲ್ಕು ತಾಸು ಬೇರೆ ಯಾವ ಗುಳಿಗೆಯನ್ನೂ ಕೊಡಬಾರದು. ಆಂಟಿಬಯೋಟಿಕ್ ಇದ್ದಾಗ ಕ್ಯಾಲ್ಸಿಯಂ, ಹಾಲು ಹತ್ತಿರ ತರಬಾರದು, ಕನಿಷ್ಠ ಎರಡು ತಾಸು ಅಂತರ ಬೇಕು. ನಮ್ಮ ಮನೆಯವರಿಗೆ ಡಾಕ್ಟರು ಸ್ಪಷ್ಟವಾಗಿ ಹೇಳಿದ್ದರು.

ಗದಗಿನ ಮಗಳು

ಸರ್, ನಾಲ್ಕು ತಾಸು ಏನೂ ಕೊಡಬಾರದು ಅಂದರೆ ಶುಗರ್ ಗುಳಿಗೆ ಹತ್ತು ಗಂಟೆಗೆ ಹೋಗುತ್ತದೆ. ನಾಷ್ಟಾ ಅಲ್ಲಿಯವರೆಗೆ ತಡೆಯುವುದು ಹೇಗೆ?

ಹಾವೇರಿ ಮೆಡಿಕಲ್

ನಾನು ಔಷಧ ಅಂಗಡಿ ನಡೆಸುತ್ತೇನೆ, ಇಂಥ ಚೀಟಿಗಳು ದಿನಾ ಬರುತ್ತವೆ. ಪಟ್ಟಿ ಮಾಡೋಣ. ಅದಕ್ಕೆ ಮೊದಲು ಒಂದು ಕೆಲಸ. ನಿಮ್ಮ ಚೀಟಿಯ ಕೊನೆಯ ಸಾಲು ನನಗೆ ಸರಿ ಕಾಣುತ್ತಿಲ್ಲ. "ಮೊದಲಿನ ಗುಳಿಗೆಗಳನ್ನು ಮುಂದುವರಿಸಿ" ಅನ್ನುವುದನ್ನು ಯಾವ ಚೌಕದಲ್ಲೂ ಬರೆಯಲು ಬರುವುದಿಲ್ಲ. ಮನೆಯಲ್ಲಿರುವ ಹಳೇ ಶುಗರ್ ಗುಳಿಗೆಯ ಸ್ಟ್ರಿಪ್ ತಿರುಗಿಸಿ. ಮುಂದಿನ ದೊಡ್ಡ ಹೆಸರು ಬೇಡ, ಹಿಂದೆ ಸಣ್ಣ ಅಕ್ಷರದಲ್ಲಿ ಇರುವುದನ್ನು ಓದಿ ಹೇಳಿ.

ಗದಗಿನ ಮಗಳು

ಸಣ್ಣ ಅಕ್ಷರದಲ್ಲಿ ಎರಡು ಹೆಸರು ಇವೆ. ಗ್ಲಿಮೆಪಿರೈಡ್ 1 ಮಿ.ಗ್ರಾಂ, ಮೆಟ್ಫಾರ್ಮಿನ್ 500 ಮಿ.ಗ್ರಾಂ. ದಿನಾ ಬೆಳಿಗ್ಗೆ ಒಂದು ತೆಗೆದುಕೊಳ್ಳುತ್ತಿದ್ದರು.

ಹಾವೇರಿ ಮೆಡಿಕಲ್

ಅದೇ ಅನುಮಾನ ಇತ್ತು. ಅದು ಜೋಡಿ ಗುಳಿಗೆ, ಎರಡು ಔಷಧ ಒಂದರಲ್ಲೇ ಇವೆ. ದವಾಖಾನೆಯ ಚೀಟಿಯಲ್ಲಿ ಅವೇ ಎರಡನ್ನು ಬಿಡಿಬಿಡಿಯಾಗಿ ಬರೆದಿದ್ದಾರೆ. ಈಗ ಚೀಟಿಯನ್ನು ಅಕ್ಷರಶಃ ಪಾಲಿಸಿದರೆ ಹಳೆಯದೂ ಹೋಗುತ್ತದೆ, ಹೊಸದೂ ಹೋಗುತ್ತದೆ. ಗ್ಲಿಮೆಪಿರೈಡ್ ದಿನಕ್ಕೆ 1 ಇದ್ದದ್ದು 2 ಆಗುತ್ತದೆ. ಮೆಟ್ಫಾರ್ಮಿನ್ 1000 ಕೊಡಬೇಕು ಅಂತ ಅವರು ಅಂದುಕೊಂಡಿದ್ದರೆ 1500 ಆಗುತ್ತದೆ.

ಮೆಟ್ಫಾರ್ಮಿನ್ ಜಾಸ್ತಿ ಆದರೆ ಹೆಚ್ಚಾಗಿ ಹೊಟ್ಟೆ ಕೆಡುತ್ತದೆ. ಗ್ಲಿಮೆಪಿರೈಡ್ ಹಾಗಲ್ಲ, ಅದು ಶುಗರನ್ನು ಕೆಳಗೆ ಎಳೆದುಬಿಡುತ್ತದೆ. ಆಪರೇಷನ್ ಆಗಿ ಮನೆಗೆ ಬಂದವರು ಮೊದಲೇ ಸರಿಯಾಗಿ ಊಟ ಮಾಡಿರುವುದಿಲ್ಲ. ಬೆವರು, ಕೈ ನಡುಕ, ತಡೆಯಲಾರದ ಹಸಿವು, ಮಾತು ತೊದಲುವುದು, ಇವು ಬಂದರೆ ಶುಗರ್ ಇಳಿದಿದೆ ಅಂತ ಲೆಕ್ಕ. ಜೋಡಿ ಗುಳಿಗೆಯಲ್ಲೇ ಈ ಯಡವಟ್ಟು ಜಾಸ್ತಿ, ಯಾಕೆಂದರೆ ಹಳೇ ಸ್ಟ್ರಿಪ್‌ನ ಹೆಸರಿಗೂ ಹೊಸ ಸ್ಟ್ರಿಪ್‌ನ ಹೆಸರಿಗೂ ಸಂಬಂಧವೇ ಇರುವುದಿಲ್ಲ. ಅಪ್ಪನಿಗೆ ಅವು ಮೂರು ಬೇರೆ ಬೇರೆ ಗುಳಿಗೆ ಅನ್ನಿಸುತ್ತವೆ.

ಯಾವುದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ವಾರ್ಡಿಗೆ ಫೋನ್ ಮಾಡಿ, "ಮನೆಯಲ್ಲಿ ಈ ಜೋಡಿ ಗುಳಿಗೆ ಇದೆ, ಹೊಸದರ ಜೊತೆ ಇದನ್ನೂ ಕೊಡಬೇಕಾ?" ಅಂತ ಇದೇ ಮಾತಿನಲ್ಲಿ ಕೇಳಿ. ಉತ್ತರ ಬರುವವರೆಗೆ ಶುಗರಿನ ಸಾಲು ಖಾಲಿ ಇರಲಿ.

ಬ್ಯಾಡಗಿ ಬಸು

ನಮ್ಮ ಕಾಕಾಗೆ ಕಣ್ಣಿನ ಪೊರೆ ಆಪರೇಷನ್ ಆಗಿದೆ. ಹನಿ ಔಷಧ ಮೊದಲ ವಾರ ದಿನಕ್ಕೆ 6 ಸಲ, ಎರಡನೇ ವಾರ 5 ಸಲ, ಹಾಗೇ ಇಳಿಸುತ್ತಾ ಹೋಗಿ ಅಂದಿದ್ದಾರೆ. ಇನ್ನೊಂದು ಹನಿ ದಿನಕ್ಕೆ 3 ಸಲ. ಇದಕ್ಕೂ ಈ ಪಟ್ಟಿ ಆಗುತ್ತದಾ? ಥೈರಾಯ್ಡ್ ಕಾಲಂ ನಮಗೆ ಬೇಡ.

ಹಾವೇರಿ ಮೆಡಿಕಲ್

ಬಸು ಅಣ್ಣ, ನಿಮ್ಮದು ಬೇರೆ ತರಹದ್ದು. ವಾರ ವಾರಕ್ಕೆ ಬದಲಾಗುವುದನ್ನು ಒಂದೇ ಪಟ್ಟಿಯಲ್ಲಿ ತುಂಬಬೇಡಿ. ವಾರಕ್ಕೊಂದು ಹಾಳೆ ಮಾಡಿ, ಮೇಲೆ ತಾರೀಖು ಹಾಕಿ, ವಾರ ಮುಗಿದ ಕೂಡಲೇ ಹಳೇ ಹಾಳೆ ಹರಿದು ಹಾಕಿ. 6 ಸಲ ಅಂದರೆ ಎದ್ದಿರುವ ಹೊತ್ತಿನಲ್ಲಿ ಹಂಚಿ. ಬೆಳಿಗ್ಗೆ 7ಕ್ಕೆ ಶುರು ಮಾಡಿದರೆ ಎರಡೂವರೆ ಗಂಟೆಗೊಂದರಂತೆ ರಾತ್ರಿ 7:30ಕ್ಕೆ ಆರನೆಯದು ಮುಗಿಯುತ್ತದೆ. ಎರಡು ಹನಿ ಒಂದೇ ಹೊತ್ತಿಗೆ ಬಂದರೆ ನಡುವೆ 5 ನಿಮಿಷ ಬಿಡಿ. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ತೊಳೆದುಬಿಡುತ್ತದೆ.

ನವನಗರದ ಸಿಸ್ಟರ್

ವಾರ್ಡಿನಲ್ಲಿ ಕೆಲಸ ಮಾಡುವವಳಾಗಿ ಹೇಳುತ್ತೇನೆ. ಫೋನ್ ಮಾಡಲು ಹಿಂಜರಿಯಬೇಡಿ. ಡಿಸ್ಚಾರ್ಜ್ ಚೀಟಿಯ ಮೇಲಿರುವ ಐಪಿ ನಂಬರ್ ಮೊದಲು ಹೇಳಿ, ಆಗ ಫೈಲ್ ಬೇಗ ಸಿಗುತ್ತದೆ. ಅವರು ಹೇಳಿದ್ದನ್ನು ಬರೆದುಕೊಂಡು, ಅವರಿಗೇ ಮತ್ತೆ ಓದಿ ಹೇಳಿ. ಹೇಳಿದವರ ಹೆಸರು, ಸಮಯ ಎರಡನ್ನೂ ಚೀಟಿಯ ಮೇಲೇ ಬರೆದಿಡಿ.

ಗದಗಿನ ಮಗಳು

ಫೋನ್ ಮಾಡಿದೆ. ಡ್ಯೂಟಿ ಡಾಕ್ಟರು ದೊಡ್ಡ ಡಾಕ್ಟರನ್ನು ಕೇಳಿ ವಾಪಸ್ ಮಾಡಿದರು. ಬೆಳಿಗ್ಗೆ ಹಳೆಯ ಜೋಡಿ ಗುಳಿಗೆ ಒಂದು, ರಾತ್ರಿ ಊಟ ಆದಮೇಲೆ ಬರೀ ಮೆಟ್ಫಾರ್ಮಿನ್ 500 ಒಂದು. ಬಿಡಿ ಗ್ಲಿಮೆಪಿರೈಡ್ ಬೇಡವೇ ಬೇಡ. ಆ ಸ್ಟ್ರಿಪ್ ಬಿಚ್ಚಿರಲಿಲ್ಲ, ಈಗ ನನ್ನ ಬ್ಯಾಗಿಗೆ ಹಾಕಿದ್ದೇನೆ. ಮನೆಯಲ್ಲಿದ್ದರೆ ಅಪ್ಪ ಒಂದು ದಿನ ಕೊಟ್ಟೇ ಕೊಡುತ್ತಾರೆ.

ಈಗ ಮುಂದೆ ಹೇಳಿ ಅಣ್ಣಾ.

ಹಾವೇರಿ ಮೆಡಿಕಲ್

ಒಳ್ಳೆಯದಾಯಿತು. ಈಗ ಗುಳಿಗೆ ಎಲ್ಲಾ ಬದಿಗಿಡಿ. ಅವ್ವನ ದಿನ ಹೇಗೆ ಹೋಗುತ್ತದೆ ಹೇಳಿ. ಎಷ್ಟಕ್ಕೆ ಏಳುತ್ತಾರೆ, ಚಹಾ ಎಷ್ಟಕ್ಕೆ, ನಾಷ್ಟಾ, ಊಟ, ಮಲಗುವುದು. ನೀವು ಮೂರು ಕಾಲಂ ಮೊದಲು ಹಾಕಿ ಗುಳಿಗೆ ತುಂಬಲು ಹೋಗಿದ್ದೀರಿ. ಕಾಲಂ ಹುಟ್ಟಬೇಕಾದದ್ದು ಆ ಮನೆಯ ಊಟದ ಹೊತ್ತಿನಿಂದ.

ಗದಗಿನ ಮಗಳು

5:30ಕ್ಕೆ ಏಳುತ್ತಾರೆ. 6ಕ್ಕೆ ಚಹಾ ಆಗಲೇಬೇಕು. ನಾಷ್ಟಾ 8:30. ಮಧ್ಯಾಹ್ನ ರೊಟ್ಟಿ 1:30. ಸಂಜೆ ಮತ್ತೆ ಚಹಾ. ರಾತ್ರಿ ಊಟ 8:30, ಮಲಗುವುದು ಹತ್ತೂವರೆ. ಥೈರಾಯ್ಡ್ ಗುಳಿಗೆ ಇಷ್ಟು ದಿನ ಚಹಾದ ಜೊತೆಗೇ ನುಂಗುತ್ತಿದ್ದರು ಅಂತ ಈಗ ಗೊತ್ತಾಯಿತು.

ಹಾವೇರಿ ಮೆಡಿಕಲ್

ಚಹಾದ ಜೊತೆ ನುಂಗುವವರು ನಮ್ಮ ಕಡೆ ಬಹಳ ಜನ. ಹಾಗೆ ಮಾಡಿದರೆ ಗುಳಿಗೆ ಪೂರ್ತಿ ಮೈಗೆ ಹತ್ತುವುದಿಲ್ಲ.

ಹಠಮಾರಿ ಗುಳಿಗೆಯನ್ನು ಮೊದಲು ಕೂರಿಸಬೇಕು. ನಿಮ್ಮಲ್ಲಿ ಹಠಮಾರಿ ಅಂದರೆ ಥೈರಾಯ್ಡ್. ಖಾಲಿ ಹೊಟ್ಟೆ, ಬರೀ ನೀರು, ಆಮೇಲೆ ಅರ್ಧದಿಂದ ಒಂದು ಗಂಟೆ ಏನೂ ಬೇಡ, ಚಹಾ ಕೂಡ. 5:45ಕ್ಕೆ ಇಡಿ, ಚಹಾ 6:45ಕ್ಕೆ ಸರಿಸಿ. ಅವ್ವ ಒಪ್ಪದಿದ್ದರೆ 6:15ಕ್ಕೆ ಇಳಿಸಬಹುದು, ಅದಕ್ಕಿಂತ ಮುಂಚೆ ಬೇಡ.

ಮಾಸ್ತರ ಹೇಳಿದ ನಾಲ್ಕು ತಾಸು ಎಲ್ಲಾ ಗುಳಿಗೆಗೂ ಅಲ್ಲ. ಅದು ಕ್ಯಾಲ್ಸಿಯಂಗೆ, ಕಬ್ಬಿಣದ ಗುಳಿಗೆಗೆ. ಅವು ಹೊಟ್ಟೆಯಲ್ಲಿ ಥೈರಾಯ್ಡ್ ಔಷಧವನ್ನು ಹಿಡಿದುಕೊಂಡುಬಿಡುತ್ತವೆ. 5:45ಕ್ಕೆ ನಾಲ್ಕು ತಾಸು ಕೂಡಿಸಿದರೆ 9:45. ಹಾಗಾಗಿ ಕ್ಯಾಲ್ಸಿಯಂ ಬೆಳಗಿನ ನಾಷ್ಟಾಕ್ಕೆ ಬರುವಂತಿಲ್ಲ, ಮಧ್ಯಾಹ್ನದ ಊಟಕ್ಕೆ ಹೋಯಿತು. "ದಿನಕ್ಕೊಂದು, ಊಟದ ನಂತರ" ಅಂತ ಚೀಟಿ ಹೇಳುತ್ತದೆ, ಯಾವ ಊಟ ಅಂತ ಹೇಳುವುದಿಲ್ಲ. ಅದನ್ನು ಥೈರಾಯ್ಡ್ ಗುಳಿಗೆ ತೀರ್ಮಾನ ಮಾಡಿತು.

ಶುಗರ್ ಗುಳಿಗೆಗೆ, ಬಿಪಿ ಗುಳಿಗೆಗೆ ಆ ನಾಲ್ಕು ತಾಸಿನ ಲೆಕ್ಕ ಇಲ್ಲ. ನಾಷ್ಟಾದ ಹೊತ್ತಿಗೆ ಕೊಡಿ.

ಮಾಳಮಡ್ಡಿ ಮಾಸ್ತರ

ಸರಿ, ಒಪ್ಪಿದೆ. ಆದರೆ ಮಧ್ಯಾಹ್ನ ಕ್ಯಾಲ್ಸಿಯಂ ಇಟ್ಟರೆ ಅಲ್ಲೇ ಆಂಟಿಬಯೋಟಿಕ್ ಕೂಡ ಬರುತ್ತದೆ. ನಾನು ಹೇಳಿದ್ದು ಅದನ್ನೇ.

ಹಾವೇರಿ ಮೆಡಿಕಲ್

ನಿಮ್ಮ ಮನೆಯವರಿಗೆ ಕೊಟ್ಟದ್ದು ಡಾಕ್ಸಿಸೈಕ್ಲಿನ್ ಅಥವಾ ಸಿಪ್ರೊಫ್ಲಾಕ್ಸಸಿನ್ ಇರಬೇಕು ಮಾಸ್ತರ. ಅವುಗಳ ವಿಷಯದಲ್ಲಿ ನಿಮ್ಮ ಮಾತು ನಿಜ, ಹಾಲು, ಕ್ಯಾಲ್ಸಿಯಂ ಹತ್ತಿರ ಬರಬಾರದು. ಇವರಿಗೆ ಕೊಟ್ಟಿರುವುದು ಅಮಾಕ್ಸಿಸಿಲಿನ್ ಜಾತಿಯದು, ಅದಕ್ಕೆ ಆ ತಕರಾರು ಇಲ್ಲ. ಅದನ್ನು ಊಟದ ಶುರುವಿನಲ್ಲೇ ಕೊಟ್ಟರೆ ಹೊಟ್ಟೆಗೆ ಹಿತ.

ಮಾಳಮಡ್ಡಿ ಮಾಸ್ತರ

ಹೆಸರು ನೆನಪಿಲ್ಲ. ಕ್ಯಾಪ್ಸೂಲ್ ಇತ್ತು, ಹಸಿರು ಬಣ್ಣದ್ದು.

ಗದಗಿನ ಮಗಳು

"ಪ್ರತಿ 8 ಗಂಟೆಗೆ, ಆಹಾರದ ಜೊತೆ" ಅನ್ನುವುದೇ ನನಗೆ ಕೂರುತ್ತಿಲ್ಲ. ಸರಿಯಾಗಿ 8 ಗಂಟೆ ಲೆಕ್ಕ ಹಾಕಿದರೆ 6, 2, 10. ಬೆಳಿಗ್ಗೆ 6ಕ್ಕೆ ಆಹಾರ ಎಲ್ಲಿಂದ ಬರಬೇಕು? ಥೈರಾಯ್ಡ್ ಬೇರೆ ಅಲ್ಲೇ ಕೂತಿದೆ. ಹೋಗಲಿ ಅಂತ ಮೂರು ಊಟಕ್ಕೆ ಇಟ್ಟರೆ 8:30, 1:30, 8:30. ರಾತ್ರಿಯಿಂದ ಬೆಳಿಗ್ಗೆವರೆಗೆ 12 ತಾಸು ಖಾಲಿ.

ವಿದ್ಯಾನಗರದ ವೀರು

ದಿನಕ್ಕೆ ಮೂರು ಸಲ ಅಂದರೂ 8 ಗಂಟೆಗೊಮ್ಮೆ ಅಂದರೂ ಒಂದೇ ಅಲ್ವಾ? 24 ಭಾಗಿಸು 3.

ನವನಗರದ ಸಿಸ್ಟರ್

ಲೆಕ್ಕದಲ್ಲಿ ಒಂದೇ ವೀರು, ಮನೆಯಲ್ಲಿ ಒಂದೇ ಅಲ್ಲ. ಮೂರು ಸಲ ಅಂದರೆ ಜನ ಮೂರು ಊಟಕ್ಕೆ ಕೊಡುತ್ತಾರೆ. ಆಗ ಹಗಲಿಗೆ ಮೂರೂ ಗುಳಿಗೆ ಮುಗಿದು ರಾತ್ರಿ ಏನೂ ಇರುವುದಿಲ್ಲ. ಡಾಕ್ಟರು 8 ಗಂಟೆ ಅಂತ ಬಿಡಿಸಿ ಬರೆದಿದ್ದಾರೆ ಅಂದರೆ ಅಂತರ ತೀರಾ ಏರುಪೇರು ಆಗಬಾರದು ಅಂತ.

ನಾಷ್ಟಾ ಅರ್ಧ ಗಂಟೆ ಮುಂದೆ ತನ್ನಿ, 8ಕ್ಕೆ. ಮಧ್ಯಾಹ್ನದ ಊಟ ಅರ್ಧ ಗಂಟೆ ಹಿಂದೆ ಹಾಕಿ, 2ಕ್ಕೆ. ಮೂರನೆಯದನ್ನು ರಾತ್ರಿ ಊಟಕ್ಕೆ ಕೊಡದೆ ಮಲಗುವ ಮುಂಚೆ 10ಕ್ಕೆ ಕೊಡಿ, ಜೊತೆಗೆ ಅರ್ಧ ರೊಟ್ಟಿ ಅಥವಾ ಸ್ವಲ್ಪ ಅನ್ನ ಮಜ್ಜಿಗೆ. ಆಗ ನಡುವಿನ ಅಂತರ 6, 8, 10 ಗಂಟೆ. ಸರಿಯಾಗಿ 8 ಅಲ್ಲ, ಆದರೆ ನಿಮ್ಮ 5, 7, 12ಕ್ಕಿಂತ ಎಷ್ಟೋ ವಾಸಿ. ನಿದ್ದೆಯಿಂದ ಎಬ್ಬಿಸುವ ಕೆಲಸವೂ ಇಲ್ಲ. ಇದನ್ನೂ ಒಮ್ಮೆ ವಾರ್ಡಿನಲ್ಲಿ ಕೇಳಿಬಿಡಿ, ಹೇಗೂ ನಾಳೆ ಡ್ರೆಸ್ಸಿಂಗ್ ವಿಷಯಕ್ಕೆ ಫೋನ್ ಮಾಡುತ್ತೀರಲ್ಲ.

ಹಾವೇರಿ ಮೆಡಿಕಲ್

ಸಿಸ್ಟರ್ ಹೇಳಿದ್ದು ಸರಿ. ಶುಗರ್ ಇರುವವರಿಗೆ ಊಟ ಅರ್ಧ ಗಂಟೆ ಆಚೀಚೆ ಮಾಡಬಹುದು, ಎರಡು ತಾಸು ಮಾಡಬಾರದು. ಅದಕ್ಕೇ ಮಧ್ಯಾಹ್ನದ ಊಟ 2ಕ್ಕಿಂತ ಆಚೆ ಬೇಡ.

ವೀರು ಕೊಟ್ಟ ಸೂತ್ರ ಇಲ್ಲಿ ಒಂದು ಕಡೆ ಕೈಕೊಡುತ್ತದೆ. ಅಕ್ಕಾ, ಮೊದಲ ಆಂಟಿಬಯೋಟಿಕ್ ಗುಳಿಗೆ ಯಾವಾಗ?

ಗದಗಿನ ಮಗಳು

ಮಧ್ಯಾಹ್ನ 2ಕ್ಕೆ ದವಾಖಾನೆಯಲ್ಲೇ ಇಂಜೆಕ್ಷನ್ ಆಯಿತು. ಗುಳಿಗೆ ಇವತ್ತು ರಾತ್ರಿ 10ಕ್ಕೆ ಶುರು ಮಾಡಿ ಅಂದರು.

ಹಾವೇರಿ ಮೆಡಿಕಲ್

ನೋಡಿ. ಸೂತ್ರದ ಪ್ರಕಾರ ಗುರುವಾರದಿಂದ 5 ದಿನ ಅಂದರೆ ಸೋಮವಾರ ಮುಗಿಯುತ್ತದೆ. ಗುಳಿಗೆ ಲೆಕ್ಕ ಹಾಕಿ. 5 ದಿನಕ್ಕೆ 15. ಗುರುವಾರ ರಾತ್ರಿ 1. ಶುಕ್ರ, ಶನಿ, ಭಾನು, ಸೋಮ ಮೂರು ಮೂರರಂತೆ 12. ಒಟ್ಟು 13. ಉಳಿದ ಎರಡು ಮಂಗಳವಾರ ಬೆಳಿಗ್ಗೆ ಮತ್ತು ಮಧ್ಯಾಹ್ನ. ಮಂಗಳವಾರ 2 ಗಂಟೆಗೆ ಹದಿನೈದನೆಯದು. ಸೋಮವಾರ ನಿಲ್ಲಿಸಿದರೆ ಎರಡು ಗುಳಿಗೆ ಉಳಿದುಬಿಡುತ್ತವೆ. ಅವನ್ನು ಎತ್ತಿಟ್ಟು ಮುಂದಿನ ಸಲ ಜ್ವರಕ್ಕೆ ನುಂಗುವವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಆಂಟಿಬಯೋಟಿಕ್‌ಗೆ ಕೊನೆಯ ತಾರೀಖು ಸಾಲದು. 15 ಚೌಕ ಬರೆದು 1ರಿಂದ 15 ನಂಬರ್ ಹಾಕಿ. ಚೌಕ ಮುಗಿದಾಗ ಗುಳಿಗೆಯೂ ಮುಗಿದಿರಬೇಕು. ಗುಳಿಗೆ ಉಳಿದರೆ ಎಲ್ಲೋ ಒಂದು ಹೊತ್ತು ತಪ್ಪಿದೆ ಅಂತ ಅಲ್ಲೇ ಗೊತ್ತಾಗುತ್ತದೆ. ದಿನಕ್ಕೊಂದೇ ಗುಳಿಗೆ ಇದ್ದರೆ ವೀರುವಿನ ಸೂತ್ರ ಸಾಕು. ಪ್ಯಾಂಟೊಪ್ರಜೋಲ್ ನಾಳೆ ಶುಕ್ರವಾರ ಶುರುವಾದರೆ ಹತ್ತನೆಯದು ಈ ಭಾನುವಾರದ ಮುಂದಿನ ಭಾನುವಾರ.

ವಿದ್ಯಾನಗರದ ವೀರು

ಹೌದಲ್ಲ. ಗಂಟೆಯನ್ನೂ ಸೇರಿಸಿದರೆ ಸೂತ್ರದಲ್ಲೇ ಬರುತ್ತದೆ, ಆದರೆ ಅಪ್ಪನಿಗೆ ಚೌಕವೇ ಸುಲಭ.

ಲಕ್ಷ್ಮೇಶ್ವರದ ಶಾಂತಕ್ಕ

ನನಗೂ ಥೈರಾಯ್ಡ್, ಶುಗರ್, ಬಿಪಿ ಮೂರೂ ಇವೆ. ಗ್ಯಾಸಿನ ಗುಳಿಗೆ, ಥೈರಾಯ್ಡ್ ಗುಳಿಗೆ ಎರಡನ್ನೂ ಎದ್ದ ಕೂಡಲೇ ಒಟ್ಟಿಗೆ ನುಂಗುತ್ತೇನೆ. ಎರಡೂ ಖಾಲಿ ಹೊಟ್ಟೆಯವೇ ಅಲ್ವಾ? ಈ ಪಟ್ಟಿ ಪೂರ್ತಿ ಆದಮೇಲೆ ಹಾಕಿ, ನಾನೂ ಪ್ರಿಂಟ್ ತೆಗೆದುಕೊಳ್ಳುತ್ತೇನೆ.

ಹಾವೇರಿ ಮೆಡಿಕಲ್

ಶಾಂತಕ್ಕ, ದಯವಿಟ್ಟು ಈ ಪಟ್ಟಿಯನ್ನು ನಿಮ್ಮ ಮನೆಗೆ ಹಾಕಬೇಡಿ. ಅವರ ಗುಳಿಗೆಯ ತೂಕ ಬೇರೆ, ನಿಮ್ಮದು ಬೇರೆ. ರೀತಿ ನೋಡಿಕೊಳ್ಳಿ, ಅಂಕಿ ನಿಮ್ಮ ಚೀಟಿಯಿಂದಲೇ ಬರಲಿ.

ನಿಮ್ಮ ಪ್ರಶ್ನೆಗೆ ಉತ್ತರ ಸ್ವಲ್ಪ ಗೊಂದಲದ್ದೇ. ಗ್ಯಾಸಿನ ಗುಳಿಗೆ ಹೊಟ್ಟೆಯ ಆಮ್ಲ ಕಡಿಮೆ ಮಾಡುತ್ತದೆ. ಆಮ್ಲ ಕಡಿಮೆ ಆದರೆ ಥೈರಾಯ್ಡ್ ಗುಳಿಗೆ ಕರಗುವುದೂ ಕಡಿಮೆ ಆಗಬಹುದು. ಆ ಪರಿಣಾಮ ಇಡೀ ದಿನ ಇರುತ್ತದೆ, ಹಾಗಾಗಿ ಒಂದು ತಾಸು ದೂರ ಇಟ್ಟರೂ ಪೂರ್ತಿ ತಪ್ಪುವುದಿಲ್ಲ. ಗದಗಿನವರ ಗ್ಯಾಸಿನ ಗುಳಿಗೆ ಪ್ಯಾಂಟೊಪ್ರಜೋಲ್ ಬರೀ 10 ದಿನ, ದೊಡ್ಡ ವಿಷಯ ಅಲ್ಲ. ನೀವು ತಿಂಗಳುಗಟ್ಟಲೆ ತೆಗೆದುಕೊಳ್ಳುತ್ತಿದ್ದರೆ ಡಾಕ್ಟರಿಗೆ ಹೇಳಿ, ಟಿಎಸ್ಎಚ್ ನೋಡಿಸಿ. ಒಟ್ಟಿಗೆ ನುಂಗಿಸುವ ಡಾಕ್ಟರೂ ಇದ್ದಾರೆ, ಬೇರೆ ಬೇರೆ ಕೊಡಿಸುವವರೂ ಇದ್ದಾರೆ. ನಾನಾದರೆ ಅಪ್ಪನ ಪಟ್ಟಿಯಲ್ಲಿ ಬೇರೆ ಬೇರೆ ಇಡುತ್ತೇನೆ, ಎರಡು ಸಣ್ಣ ಗುಳಿಗೆ ಅದಲುಬದಲು ಆಗದಿರಲಿ ಅಂತ.

ನವನಗರದ ಸಿಸ್ಟರ್

ವಿಟಮಿನ್ ಡಿ ಮತ್ತು ನೋವಿನ ಗುಳಿಗೆ ಬಗ್ಗೆ ಯಾರೂ ಮಾತಾಡಿಲ್ಲ. ಇವೆರಡನ್ನೂ ದಿನದ ಪಟ್ಟಿಯೊಳಗೆ ಬರೆಯಲೇಬೇಡಿ.

ವಾರದ ಗುಳಿಗೆ ದಿನದ ಪಟ್ಟಿಯಲ್ಲಿ ಒಂದು ಸಾಲಾಗಿ ಕೂತರೆ ಕೊಡುವವರು ದಿನಾ ಕೊಡುತ್ತಾರೆ. ಕಣ್ಣು ಸಾಲಿನ ಮೇಲೆ ಓಡುತ್ತದೆ, "ವಾರಕ್ಕೊಂದು" ಅನ್ನುವ ಷರಾ ಕಾಣುವುದಿಲ್ಲ. ವಿಟಮಿನ್ ಡಿ ಎರಡು ದಿನ ಜಾಸ್ತಿ ಹೋದರೆ ಕೂಡಲೇ ಅನಾಹುತ ಆಗಲಿಕ್ಕಿಲ್ಲ. ಆದರೆ ಕೀಲುನೋವಿಗೆ ಮೆಥೊಟ್ರೆಕ್ಸೇಟ್ ಅಂತ ವಾರಕ್ಕೊಂದು ದಿನ ಕೊಡುತ್ತಾರೆ. ಅದನ್ನು ದಿನಾ ನುಂಗಿದರೆ ಬಾಯಿ ತುಂಬಾ ಹುಣ್ಣು, ರಕ್ತದ ಕಣ ಕುಸಿತ, ಜೀವಕ್ಕೇ ಅಪಾಯ. ಇಂಥದ್ದು ಇರುವ ಮನೆಯಲ್ಲಿ ಪಟ್ಟಿಯ ಕೆಳಗೆ ಬೇರೆ ಡಬ್ಬಿ ಬರೆದು, ವಾರದ ಹೆಸರು ಹಾಕಿ, ತಾರೀಖು ಹಾಕಿ. ನಿಮ್ಮ ಅವ್ವನಿಗೆ ಎಂಟು ಭಾನುವಾರದ ಎಂಟು ತಾರೀಖು, ಮಧ್ಯಾಹ್ನದ ಊಟ ಆದಮೇಲೆ.

ನೋವಿನ ಗುಳಿಗೆಗೆ ಗಂಟೆ ಬರೆದರೆ ನೋವಿಲ್ಲದಿದ್ದರೂ ಕೊಡುತ್ತಾರೆ. ಅದಕ್ಕೆ ಖಾಲಿ ಚೌಕ ಬಿಡಿ. ಕೊಟ್ಟಾಗ ಅಪ್ಪನೇ ಗಂಟೆ ಬರೆಯಲಿ. ಮುಂದಿನದು ಕೊಡುವ ಮುಂಚೆ ಹಿಂದಿನ ಗಂಟೆ ನೋಡಲಿ, 6 ತಾಸು ಆಗಿದೆಯಾ ಅಂತ. ದಿನಕ್ಕೆ ಮೂರೇ ಚೌಕ ಇದ್ದರೆ ನಾಲ್ಕನೆಯದಕ್ಕೆ ಜಾಗವೇ ಇರುವುದಿಲ್ಲ. ಇನ್ನೊಂದು ಮಾತು, ಅಂಗಡಿಯಲ್ಲಿ ಸಿಗುವ ನೆಗಡಿ ಗುಳಿಗೆಗಳಲ್ಲಿ ಬಹಳಷ್ಟರಲ್ಲಿ ಪ್ಯಾರಾಸಿಟಮಾಲ್ ಇರುತ್ತದೆ. ಅದನ್ನು ಕೊಟ್ಟರೂ ಇಲ್ಲೇ ಲೆಕ್ಕಕ್ಕೆ ಬರಬೇಕು.

ಗದಗಿನ ಮಗಳು

ಆಯಿತು. ನಿನ್ನೆ ರಾತ್ರಿ ಕೂತು ಬರೆದೆ. ಬೆಳಿಗ್ಗೆ ವಾರ್ಡಿನಲ್ಲಿ 8, 2, 10 ಕೇಳಿದೆ, ಆಗಬಹುದು ಅಂದರು. ನೋಡಿ:

| ಗಂಟೆ | ಯಾವ ಗುಳಿಗೆ | ಎಷ್ಟು | ಊಟ, ನೀರು | ಎಲ್ಲಿಯವರೆಗೆ |
|---|---|---|---|---|
| ಬೆಳಿಗ್ಗೆ 5:45 | ಥೈರಾಯ್ಡ್ 50 | ಒಂದು | ಖಾಲಿ ಹೊಟ್ಟೆ, ಬರೀ ನೀರು. 6:45ರವರೆಗೆ ಚಹಾ ಇಲ್ಲ | ದಿನಾ |
| ಬೆಳಿಗ್ಗೆ 7:15 | ಪ್ಯಾಂಟೊಪ್ರಜೋಲ್ 40 | ಒಂದು | ನಾಷ್ಟಾಕ್ಕೆ ಮುಂಚೆ | ಈ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಕೊನೆ |
| ಬೆಳಿಗ್ಗೆ 8:00 | ಆಂಟಿಬಯೋಟಿಕ್ 625 | ಒಂದು | ನಾಷ್ಟಾ ಶುರುವಿನಲ್ಲಿ | 15 ಚೌಕ ತುಂಬುವವರೆಗೆ |
| ಬೆಳಿಗ್ಗೆ 8:00 | ಶುಗರ್ ಜೋಡಿ ಗುಳಿಗೆ | ಒಂದು | ಮೊದಲ ತುತ್ತಿನ ಜೊತೆ | ದಿನಾ |
| ಬೆಳಿಗ್ಗೆ 8:30 | ಬಿಪಿ, ಟೆಲ್ಮಿಸಾರ್ಟನ್ 40 | ಒಂದು | ನಾಷ್ಟಾ ಆದಮೇಲೆ | ದಿನಾ |
| ಮಧ್ಯಾಹ್ನ 2:00 | ಆಂಟಿಬಯೋಟಿಕ್ 625 | ಒಂದು | ಊಟದ ಶುರುವಿನಲ್ಲಿ | 15 ಚೌಕ ತುಂಬುವವರೆಗೆ |
| ಮಧ್ಯಾಹ್ನ 2:30 | ಕ್ಯಾಲ್ಸಿಯಂ 500 | ಒಂದು | ಊಟ ಮುಗಿದ ಕೂಡಲೇ | ಡಾಕ್ಟರು ಹೇಳುವವರೆಗೆ |
| ರಾತ್ರಿ 8:45 | ಮೆಟ್ಫಾರ್ಮಿನ್ 500 | ಒಂದು | ಊಟ ಮುಗಿದ ಕೂಡಲೇ | ದಿನಾ |
| ರಾತ್ರಿ 10:00 | ಆಂಟಿಬಯೋಟಿಕ್ 625 | ಒಂದು | ಅರ್ಧ ರೊಟ್ಟಿ ಜೊತೆ | 15 ಚೌಕ ತುಂಬುವವರೆಗೆ |

ಕೆಳಗೆ ಮೂರು ಡಬ್ಬಿ ಇವೆ. ಆಂಟಿಬಯೋಟಿಕ್‌ನ 15 ಚೌಕ, ಭಾನುವಾರದ ವಿಟಮಿನ್ ಡಿ, ನೋವಿನ ಗುಳಿಗೆ. ಪ್ರತಿ ಸಾಲಿನ ಮುಂದೆ ಖಾಲಿ ಸ್ಟ್ರಿಪ್‌ನಿಂದ ಹೆಸರಿರುವ ಚೂರು ಕತ್ತರಿಸಿ ಅಂಟಿಸುತ್ತಿದ್ದೇನೆ. ಅಪ್ಪ ಹೆಸರು ಓದುವ ಬದಲು ಚಿತ್ರ ನೋಡಿದ ಹಾಗೆ ಹೋಲಿಸಿ ನೋಡುತ್ತಾರೆ.

ಹಾವೇರಿ ಮೆಡಿಕಲ್

ಚೆನ್ನಾಗಿದೆ. "ಒಂದು" ಅಂತ ಅಕ್ಷರದಲ್ಲಿ ಬರೆದದ್ದು ಇನ್ನೂ ಒಳ್ಳೆಯದು. ಮುಂದೆ ಯಾವಾಗಲಾದರೂ ಅರ್ಧ ಗುಳಿಗೆ ಬಂದರೆ 1/2 ಅಂತ ಬರೆಯಬೇಡಿ, "ಅರ್ಧ" ಅನ್ನಿ. ಗೆರೆ ಮಾಸಿದರೆ ಅದು 12 ಅಂತ ಕಾಣುತ್ತದೆ.

ಎರಡು ತಿದ್ದುಪಡಿ ಇವೆ. ಶುಗರ್ ಸಾಲಿನಲ್ಲಿ "ನಾಷ್ಟಾ ಮಾಡದಿದ್ದರೆ ಕೊಡಬೇಡಿ, ಮಗಳಿಗೆ ಫೋನ್ ಮಾಡಿ" ಅಂತ ಕೆಂಪು ಪೆನ್ನಿನಲ್ಲಿ ಬರೆಯಿರಿ. ತಟ್ಟೆ ಮುಂದೆ ಬಂದಮೇಲೆ ಗುಳಿಗೆ ಕೈಗೆ ಬರಬೇಕು. ಸ್ಟ್ರಿಪ್ ಚೂರು ಅಂಟಿಸುವುದೂ ಸರಿ, ಆದರೆ ಮುಂದಿನ ತಿಂಗಳು ಅಂಗಡಿಯವರು ಬೇರೆ ಕಂಪನಿಯದು ಕೊಟ್ಟರೆ ಚೂರು ಹೊಂದುವುದಿಲ್ಲ. ಆಗ ಅಪ್ಪ ಗಾಬರಿ ಆಗುತ್ತಾರೆ. ಹೊಸ ಸ್ಟ್ರಿಪ್ ಬಂದಾಗಲೆಲ್ಲ ಹಿಂದಿನ ಸಣ್ಣ ಅಕ್ಷರದ ಫೋಟೋ ನಿಮಗೆ ಕಳಿಸಲಿ.

ಲಕ್ಷ್ಮೇಶ್ವರದ ಶಾಂತಕ್ಕ

ಸೋಮವಾರ ಉಪವಾಸ ಮಾಡುತ್ತಾರೇನು ನಿಮ್ಮ ಅವ್ವ? ನಾನು ಮಾಡುತ್ತೇನೆ, ಆ ದಿನ ಒಂದೇ ಹೊತ್ತು ಊಟ, ರಾತ್ರಿ. ಪಟ್ಟಿಯಲ್ಲಿ ಅದಕ್ಕೆ ಜಾಗ ಇಲ್ಲವಲ್ಲ.

ಗದಗಿನ ಮಗಳು

ಅಯ್ಯೋ ಹೌದು. ಮಾಡುತ್ತಾರೆ. ಎಷ್ಟೋ ವರ್ಷದಿಂದ. ಈಗ ಕೇಳಿದರೆ "ಕೈ ಮುರಿದಿದೆ, ಬಾಯಿ ಮುರಿದಿಲ್ಲ, ಉಪವಾಸ ಬಿಡುವುದಿಲ್ಲ" ಅನ್ನುತ್ತಿದ್ದಾರೆ.

ಮಾಳಮಡ್ಡಿ ಮಾಸ್ತರ

ಕಾಯಿಲೆಯವರಿಗೆ ಉಪವಾಸದಿಂದ ವಿನಾಯಿತಿ ಇದೆ. ಹಣ್ಣು, ಹಾಲು ತೆಗೆದುಕೊಂಡು ಗುಳಿಗೆ ನುಂಗಲಿ.

ಹಾವೇರಿ ಮೆಡಿಕಲ್

ಬರೀ ಹಣ್ಣು, ಹಾಲಿನ ಮೇಲೆ ಗ್ಲಿಮೆಪಿರೈಡ್ ಇರುವ ಗುಳಿಗೆ ಕೊಟ್ಟರೆ ಮಧ್ಯಾಹ್ನದ ಹೊತ್ತಿಗೆ ಶುಗರ್ ಇಳಿಯಬಹುದು. ಹಾಗಂತ ಗುಳಿಗೆ ಬಿಡಿ ಅಂತಲೂ ನಾನು ಹೇಳಲಾರೆ. ಇದು ಶುಗರ್ ಡಾಕ್ಟರೇ ಹೇಳಬೇಕಾದ ಮಾತು, ಸೋಮವಾರಕ್ಕೆ ಬೇರೆ ಹಾಳೆಯೇ ಬೇಕಾಗಬಹುದು. ಆಂಟಿಬಯೋಟಿಕ್ ಕೂಡ ಆ ದಿನ ನಡೆದಿರುತ್ತದೆ, ಅದಕ್ಕೂ ಹೊಟ್ಟೆಯಲ್ಲಿ ಏನಾದರೂ ಇರಬೇಕು. ಬರುವ ಸೋಮವಾರ ಮಾತ್ರ ಉಪವಾಸ ಬೇಡ ಅಂತ ಹೇಗಾದರೂ ಒಪ್ಪಿಸಿ.

ನವನಗರದ ಸಿಸ್ಟರ್

ಮಗಳು ಹೇಳಿದರೆ ಕೇಳುವುದಿಲ್ಲ ಅಕ್ಕಾ. ಡ್ರೆಸ್ಸಿಂಗ್‌ಗೆ ಹೋದಾಗ ಡಾಕ್ಟರ ಬಾಯಲ್ಲೇ ಹೇಳಿಸಿ. ಡ್ರೆಸ್ಸಿಂಗ್ ಯಾವತ್ತು?

ಗದಗಿನ ಮಗಳು

ಸೋಮವಾರ ಬೆಳಿಗ್ಗೆ 11ಕ್ಕೆ, ಹುಬ್ಬಳ್ಳಿಯಲ್ಲಿ. ಅಷ್ಟೊತ್ತಿಗೆ ನಾಷ್ಟಾದ ಹೊತ್ತು ಮುಗಿದೇ ಹೋಗಿರುತ್ತದೆ. ಇವತ್ತೇ ಫೋನಿನಲ್ಲಿ ಡಾಕ್ಟರ ಜೊತೆ ಅವ್ವನನ್ನು ಮಾತಾಡಿಸಲು ನೋಡುತ್ತೇನೆ.

ಬ್ಯಾಡಗಿ ಬಸು

ಕಾಕಾನ ಹಾಳೆ ಮಾಡಿದೆ, ವಾರಕ್ಕೊಂದು. 6 ಸಲದ ಹನಿಯಲ್ಲಿ ಒಂದು ಮಧ್ಯಾಹ್ನ ಮಲಗುವ ಹೊತ್ತಿಗೆ ಬಿದ್ದಿದೆ. ಎಬ್ಬಿಸಬೇಕಾ, ಅರ್ಧ ತಾಸು ತಡ ಮಾಡಬಹುದಾ?

ಹಾವೇರಿ ಮೆಡಿಕಲ್

ಅರ್ಧ ತಾಸು ತಡ ಆದರೆ ಏನೂ ಆಗುವುದಿಲ್ಲ ಬಸು ಅಣ್ಣ. ಆದರೆ ದಿನಾ ಅದೇ ಹೊತ್ತಿಗೆ ಮಲಗುತ್ತಾರೆ ಅಂದರೆ ಹಾಳೆಯಲ್ಲೇ ಗಂಟೆ ಬದಲಿಸಿ. ಹಾಳೆಯಲ್ಲಿ ಒಂದು ಗಂಟೆ, ಕೊಡುವುದು ಇನ್ನೊಂದು ಗಂಟೆಗೆ ಅಂತ ಶುರುವಾದರೆ ನಾಲ್ಕು ದಿನಕ್ಕೆ ಹಾಳೆ ನೋಡುವುದೇ ಬಿಟ್ಟುಬಿಡುತ್ತಾರೆ.